ಮುನ್ನೂರು ಗೆದ್ದರೆ ಕೈಗೆ ಎಷ್ಟು? ಇಂಟ್ರಾಡೇ, ಹದಿನೈದು ದಿನ, ಒಂದು ವರ್ಷ: ಮೂರು ದಾರಿಗಳ ಖರ್ಚಿನ ಲೆಕ್ಕ

ಕಳೆದ ತಿಂಗಳು ನನ್ನ ಚಿಕ್ಕಮ್ಮನ ಮಗ ತುಮಕೂರಿನಿಂದ ಬಂದಿದ್ದ. ಊಟ ಮುಗಿಸಿ ಜಗಲಿಯಲ್ಲಿ ಕೂತಾಗ ಫೋನ್ ತೆಗೆದು ನನ್ನ ಮುಂದೆ ಹಿಡಿದ. "ಅಣ್ಣ, ಇದನ್ನ ಸ್ವಲ್ಪ ನೋಡು. ನಿನ್ನೆ ಆಪ್‌ನಲ್ಲಿ ಮುನ್ನೂರು ರೂಪಾಯಿ ಲಾಭ ಅಂತ ಹಸಿರು ಬಣ್ಣದಲ್ಲಿ ತೋರಿಸ್ತು. ಲೆಡ್ಜರ್ ತೆಗೆದು ನೋಡಿದ್ರೆ ಇನ್ನೂರ ಹದಿನೇಳೇ ಇದೆ. ಉಳಿದಿದ್ದು ಎಲ್ಲಿಗೆ ಹೋಯ್ತು?"

ಅವನು ಸಂಬಳದಲ್ಲಿ ಉಳಿಸಿದ ಒಂದು ಲಕ್ಷ ರೂಪಾಯಿಯನ್ನು ಷೇರಿಗೆಂದು ಬೇರೆ ಇಟ್ಟಿದ್ದಾನೆ. ಅವನ ಮುಂದೆ ಮೂರು ದಾರಿ ಇದ್ದವು. ದಿನಕ್ಕೊಂದು ಇಂಟ್ರಾಡೇ ಟ್ರೇಡ್ ಮಾಡುವುದು, ಅಂದರೆ ಕೊಂಡ ದಿನವೇ ಮಾರುವುದು ಒಂದು. ಷೇರು ಕೊಂಡು ಎರಡು ವಾರ ಇಟ್ಟು ಮಾರುವುದು ಇನ್ನೊಂದು. ಕೊಂಡು ಒಂದು ವರ್ಷ ದಾಟುವ ತನಕ ಸುಮ್ನೆ ಬಿಡುವುದು ಮೂರನೆಯದು. ಯಾವುದು ಒಳ್ಳೆಯದು ಅಂತ ಕೇಳಿದರೆ ಜನ ಸಾಮಾನ್ಯವಾಗಿ ಯಾವ ಷೇರು, ಯಾವ ಇಂಡಿಕೇಟರ್ ಅಂತ ಮಾತು ಶುರು ಮಾಡುತ್ತಾರೆ. ನಾವಿಬ್ಬರೂ ಅದನ್ನು ಪಕ್ಕಕ್ಕಿಟ್ಟು, ಖರ್ಚಿನ ಲೆಕ್ಕವನ್ನಷ್ಟೇ ಒಂದು ನೋಟ್‌ಬುಕ್‌ನಲ್ಲಿ ಬರೆದೆವು. ಆ ಲೆಕ್ಕ ಇಲ್ಲಿದೆ. ಷೇರುಗಳ ನಗದು ವಿಭಾಗವನ್ನು ಮಾತ್ರ ತೆಗೆದುಕೊಂಡಿದ್ದೇನೆ. ಫ್ಯೂಚರ್ಸ್, ಆಪ್ಷನ್ಸ್ ದರಗಳು ಬೇರೆ.

ಆ 83 ರೂಪಾಯಿ ಹೋಗಿದ್ದೆಲ್ಲಿ

ಅವನು ಕೊಂಡಿದ್ದು 500 ರೂಪಾಯಿಯ 200 ಷೇರು, ಅಂದರೆ ಸರಿಯಾಗಿ ₹1,00,000. ಅದೇ ದಿನ ₹501.50ಕ್ಕೆ ಮಾರಿದ. ಷೇರಿಗೆ ಒಂದೂವರೆ ರೂಪಾಯಿಯಂತೆ ₹300 ಲಾಭ. ಇಂಟ್ರಾಡೇಗೆ ಅವನ ಬ್ರೋಕರ್ ತೆಗೆದುಕೊಳ್ಳುವುದು ಆರ್ಡರ್ ಮೊತ್ತದ 0.03% ಅಥವಾ ₹20, ಎರಡರಲ್ಲಿ ಯಾವುದು ಕಡಿಮೆಯೋ ಅದು. ಡಿಸ್ಕೌಂಟ್ ಬ್ರೋಕರ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ದರ ಇದು. ಒಂದು ಲಕ್ಷದ 0.03% ಅಂದರೆ ₹30, ಹಾಗಾಗಿ ₹20 ಬೀಳುತ್ತದೆ. ಟ್ರೇಡ್‌ನ ಬಿಲ್ ಆದ ಕಾಂಟ್ರಾಕ್ಟ್ ನೋಟ್ ಬಿಚ್ಚಿ ಸಾಲು ಸಾಲಾಗಿ ನೋಡಿದೆವು. ಅದರಲ್ಲಿ ಎಸ್‌ಟಿಟಿ ಅಂದರೆ ಷೇರು ವಹಿವಾಟಿನ ಮೇಲೆ ಸರ್ಕಾರ ಹಾಕುವ ತೆರಿಗೆ, ಸೆಬಿ ಅಂದರೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ.

| ಬಾಬತ್ತು | ಲೆಕ್ಕ | ರೂಪಾಯಿ |
|---|---|---|
| ಬ್ರೋಕರೇಜ್ | ಕೊಂಡಾಗ 20, ಮಾರಿದಾಗ 20 | 40.00 |
| ಎಸ್‌ಟಿಟಿ | ಮಾರಿದ ಮೊತ್ತದ 0.025% | 25.00 |
| ಎಕ್ಸ್‌ಚೇಂಜ್ ಶುಲ್ಕ | ಲಕ್ಷಕ್ಕೆ ಸುಮಾರು 3, ಎರಡೂ ಕಡೆ | 6.00 |
| ಸೆಬಿ ಶುಲ್ಕ | ಕೋಟಿಗೆ 10 | 0.20 |
| ಜಿಎಸ್‌ಟಿ | ಬ್ರೋಕರೇಜ್ ಮತ್ತು ಮೇಲಿನ ಎರಡು ಶುಲ್ಕದ 18% | 8.30 |
| ಸ್ಟ್ಯಾಂಪ್ ಡ್ಯೂಟಿ | ಕೊಂಡ ಮೊತ್ತದ 0.003% | 3.00 |
| ಒಟ್ಟು | | 82.50 |

₹300ರಲ್ಲಿ ₹82.50 ಹೋದರೆ ಉಳಿಯುವುದು ₹217.50. ಅಲ್ಲಿಗೆ ಅವನ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೆ ಈ ಪಟ್ಟಿಯಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಬ್ರೋಕರ್‌ಗೆ ಹೋಗಿದ್ದು ಒಟ್ಟು ಖರ್ಚಿನ ಅರ್ಧಕ್ಕಿಂತ ಕಡಿಮೆ. ಬ್ರೋಕರೇಜ್ ಪೂರ್ತಿ ಸೊನ್ನೆಯಾದರೂ ₹35 ಬಿದ್ದೇ ಬೀಳುತ್ತದೆ. "ಝೀರೋ ಬ್ರೋಕರೇಜ್" ಅಂತ ದೊಡ್ಡದಾಗಿ ಬರೆದಿರುವ ಕಡೆಯೂ ಈ ₹35 ತಪ್ಪುವುದಿಲ್ಲ.

ಇನ್ನು, ಈ ಖರ್ಚು ಗೆದ್ದಾಗ ಮಾತ್ರ ಬೀಳುವುದಲ್ಲ. ₹300 ಸೋತ ದಿನ ಕೈಯಿಂದ ಹೋಗುವುದು ₹382.50. ಗೆಲುವನ್ನು ಸಣ್ಣದು ಮಾಡುವ ಅದೇ ಖರ್ಚು ಸೋಲನ್ನು ದೊಡ್ಡದು ಮಾಡುತ್ತದೆ. ಹೆಚ್ಚಿನವರ ಲೆಕ್ಕ ತಪ್ಪುವುದು ಇಲ್ಲಿಯೇ.

ಟ್ರೇಡ್ ಸಣ್ಣದಾದರೆ ಯಾವ ಬ್ರೋಕರ್ ಮಾದರಿ

"ಹಾಗಾದ್ರೆ ಲಕ್ಷ ಬೇಡ, ಇಪ್ಪತ್ತು ಸಾವಿರದಲ್ಲಿ ಮಾಡ್ತೀನಿ, ಅಪಾಯವೂ ಕಡಿಮೆ" ಅಂದ ಅವನು. ಅದೇ ಷೇರು, ಅದೇ ಒಂದೂವರೆ ರೂಪಾಯಿ ಏರಿಕೆ, ಆದರೆ 40 ಷೇರು. ಲಾಭ ₹60.

ಅವನ ಈಗಿನ ಬ್ರೋಕರ್‌ನಲ್ಲಿ 0.03% ಅಂದರೆ ಒಂದು ಆರ್ಡರ್‌ಗೆ ₹6. ಎಲ್ಲ ಸೇರಿ ಖರ್ಚು ಸುಮಾರು ₹21. ಕೈಗೆ ₹39. ಇನ್ನು ಕೆಲವು ಬ್ರೋಕರ್‌ಗಳಲ್ಲಿ ಆರ್ಡರ್ ಎಷ್ಟೇ ಇರಲಿ ₹20, ಇಲ್ಲವೇ 0.1% ಮತ್ತು ₹20ರಲ್ಲಿ ಕಡಿಮೆ ಇರುವುದು ಅಂತ ಇರುತ್ತದೆ. ಇಪ್ಪತ್ತು ಸಾವಿರದ 0.1% ಕೂಡ ₹20 ಆಗುವುದರಿಂದ ಇಲ್ಲಿ ಎರಡೂ ಒಂದೇ. ಬ್ರೋಕರೇಜ್ 40, ಎಸ್‌ಟಿಟಿ 5, ಎಕ್ಸ್‌ಚೇಂಜ್ ಶುಲ್ಕ 1.20, ಜಿಎಸ್‌ಟಿ ಸುಮಾರು 7.40, ಸ್ಟ್ಯಾಂಪ್ ಡ್ಯೂಟಿ 60 ಪೈಸೆ. ಒಟ್ಟು ಸುಮಾರು ₹54. ಅರವತ್ತು ಗೆದ್ದು ಕೈಗೆ ಬರುವುದು ₹6.

ಹಾಗಾಗಿ ಸುಮಾರು ₹66,000ಕ್ಕಿಂತ ಕೆಳಗಿನ ಇಂಟ್ರಾಡೇ ಆರ್ಡರ್‌ಗಳಿಗೆ 0.03% ಇರುವ ಕಡೆಯೇ ಅಗ್ಗ. ಅದರ ಮೇಲೆ ₹20ರ ಮಿತಿ ಕೆಲಸ ಮಾಡುವುದರಿಂದ ಎರಡೂ ಸರಿಸಮ. ದರಪಟ್ಟಿ ನೋಡುವಾಗ "₹20" ಅನ್ನುವ ಅಂಕಿ ಓದಿ ನಿಲ್ಲಬೇಡಿ. ಅದರ ಪಕ್ಕ ಇರುವ ಶೇಕಡಾವಾರು ಎಷ್ಟು, ಕನಿಷ್ಠ ಶುಲ್ಕ ಅಂತ ಏನಾದರೂ ಇದೆಯಾ ನೋಡಿ. ಸಣ್ಣ ಟ್ರೇಡ್ ಮಾಡುವವರಿಗೆ ಆ ಪಕ್ಕದ ಸಾಲೇ ಮುಖ್ಯ.

ಕಾಂಟ್ರಾಕ್ಟ್ ನೋಟ್‌ನಲ್ಲಿ ಕಾಣದ ಖರ್ಚು

ಇಂಪ್ಯಾಕ್ಟ್ ಕಾಸ್ಟ್ ಅಂದರೆ ಏನು ಅಂತ ಮಾತಿನಲ್ಲಿ ಹೇಳುವುದಕ್ಕಿಂತ, ಯಾವ ಬೆಲೆಗೆ ಎಷ್ಟು ಷೇರು ಇದೆ ಅಂತ ಕಾಣುವ ಮಾರ್ಕೆಟ್ ಡೆಪ್ತ್ ತೆರೆದು ತೋರಿಸುವುದು ಸುಲಭ. ಚಾರ್ಟ್‌ನಲ್ಲಿ 500 ಅಂತ ಕಾಣುತ್ತದೆ ಅಂದ ಮಾತ್ರಕ್ಕೆ ನಿಮಗೆ ಬೇಕಾದ 200 ಷೇರೂ 500ಕ್ಕೆ ಸಿಗುತ್ತದೆ ಅಂತಲ್ಲ. ಆ ಬೆಲೆಗೆ ಮಾರಲು ಯಾರಾದರೂ ಅಷ್ಟು ಷೇರು ಇಟ್ಟುಕೊಂಡು ನಿಂತಿರಬೇಕು. ಅಷ್ಟೇನೂ ವಹಿವಾಟು ಇಲ್ಲದ ಒಂದು ಮಧ್ಯಮ ಕಂಪನಿಯ ಷೇರಿನ ಡೆಪ್ತ್ ಹೀಗಿದೆ ಅಂದುಕೊಳ್ಳಿ:

| ಕೊಳ್ಳುವವರ ಬೆಲೆ | ಎಷ್ಟು ಷೇರು | ಮಾರುವವರ ಬೆಲೆ | ಎಷ್ಟು ಷೇರು |
|---|---|---|---|
| 499.90 | 50 | 500.50 | 40 |
| 499.50 | 70 | 500.80 | 60 |
| 499.20 | 40 | 501.20 | 50 |
| 498.80 | 120 | 501.75 | 90 |

ಮೊದಲ ಸಾಲಿನ ಎರಡು ಬೆಲೆಗಳ ಮಧ್ಯಬಿಂದು ₹500.20. ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇಯ ಲೆಕ್ಕದಲ್ಲಿ ಆದರ್ಶ ಬೆಲೆ ಅಂದರೆ ಇದೇ. ನಿಮಗೆ ನಿಜವಾಗಿ ಸಿಕ್ಕ ಸರಾಸರಿ ಬೆಲೆ ಇದರಿಂದ ಶೇಕಡಾ ಎಷ್ಟು ದೂರ ಇದೆಯೋ ಅದೇ ಇಂಪ್ಯಾಕ್ಟ್ ಕಾಸ್ಟ್.

ಈಗ 200 ಷೇರಿಗೆ, ಸಿಕ್ಕ ಬೆಲೆಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಒತ್ತಿ. ಮೊದಲ 40 ಷೇರು 500.50ಕ್ಕೆ ಸಿಗುತ್ತದೆ. ಅದು ಮುಗಿದ ಮೇಲೆ 60 ಷೇರು 500.80ಕ್ಕೆ, ಆಮೇಲೆ 50 ಷೇರು 501.20ಕ್ಕೆ, ಕೊನೆಯ 50 ಷೇರು 501.75ಕ್ಕೆ. ಒಟ್ಟು ಕೊಟ್ಟಿದ್ದು ₹1,00,215.50. ಸರಾಸರಿ ಸುಮಾರು ₹501.08. ಮಧ್ಯಬಿಂದುವಿಗಿಂತ ಷೇರಿಗೆ 88 ಪೈಸೆ ಜಾಸ್ತಿ, ಅಂದರೆ 0.18%ಕ್ಕೆ ಹತ್ತಿರ.

ಬೆಲೆ ಒಂದಿಷ್ಟೂ ಅಲುಗದೆ ಇರುವಾಗ ಅದೇ 200 ಷೇರನ್ನು ಮಾರ್ಕೆಟ್ ಆರ್ಡರ್‌ನಲ್ಲೇ ಮಾರಿದರೆ? 50 ಷೇರು 499.90ಕ್ಕೆ, 70 ಷೇರು 499.50ಕ್ಕೆ, 40 ಷೇರು 499.20ಕ್ಕೆ, 40 ಷೇರು 498.80ಕ್ಕೆ ಹೋಗುತ್ತದೆ. ಕೈಗೆ ಬರುವುದು ₹99,880. ಒಳಗೆ ಹೋಗಿ ಹೊರಗೆ ಬಂದಿದ್ದಕ್ಕೆ ₹335.50 ಹೋಯಿತು. ಇದರ ಮೇಲೆ ಮೊದಲಿನ ₹82.50 ಬೇರೆ.

ಕಾಂಟ್ರಾಕ್ಟ್ ನೋಟ್‌ನಲ್ಲಿ ಈ ₹335.50ಕ್ಕೆ ಒಂದು ಸಾಲೂ ಇಲ್ಲ. ಕೊಂಡ ಬೆಲೆ, ಮಾರಿದ ಬೆಲೆಯ ಒಳಗೇ ಅದು ಸೇರಿಹೋಗಿರುತ್ತದೆ. ನೋಡಿದವರಿಗೆ "ಟ್ರೇಡ್ ಸೋತಿತು" ಅಂತ ಮಾತ್ರ ಕಾಣುತ್ತದೆ. ಬ್ರೋಕರೇಜ್‌ನಲ್ಲಿ ಐದು ರೂಪಾಯಿ ಉಳಿಸಲು ಮೂರು ಆಪ್ ಹೋಲಿಸಿ ನೋಡುವವರು ಇದನ್ನು ಒಂದು ಸಲವೂ ಲೆಕ್ಕ ಹಾಕಿರುವುದಿಲ್ಲ. ನನಗೆ ತುಂಬ ಬೇಸರ ತರುವ ವಿಷಯ ಇದು, ಯಾಕಂದರೆ ಎಲ್ಲಕ್ಕಿಂತ ದೊಡ್ಡ ಖರ್ಚು ಇದೇ ಆಗಿರುವ ಸಾಧ್ಯತೆ ಜಾಸ್ತಿ.

ಇದೇ 200 ಷೇರನ್ನು ನಿಫ್ಟಿ 50ರಲ್ಲಿರುವ, ಚೆನ್ನಾಗಿ ವಹಿವಾಟಾಗುವ ಷೇರಿನಲ್ಲಿ ಮಾಡಿದರೆ ಕಥೆಯೇ ಬೇರೆ. 250ರಿಂದ 1,000 ರೂಪಾಯಿ ನಡುವಿನ ಷೇರುಗಳ ಬೆಲೆ ಎನ್‌ಎಸ್‌ಇಯಲ್ಲಿ 5 ಪೈಸೆಯ ಹೆಜ್ಜೆಯಲ್ಲಿ ಚಲಿಸುತ್ತದೆ. ಕೊಳ್ಳುವವರು 500ಕ್ಕೆ, ಮಾರುವವರು 500.05ಕ್ಕೆ ನೂರಾರು ಷೇರು ಇಟ್ಟು ನಿಂತಿರುತ್ತಾರೆ. ಹೋಗಿ ಬರುವುದಕ್ಕೆ 200 ಷೇರಿಗೆ ₹10. ನಿಫ್ಟಿ 50ಕ್ಕೆ ಸೇರಲು ಒಂದು ಷರತ್ತೇ ಇಂಪ್ಯಾಕ್ಟ್ ಕಾಸ್ಟ್‌ನದು. ₹10 ಕೋಟಿಯ ಬುಟ್ಟಿಗೆ, ಆರು ತಿಂಗಳ ಗಮನಿಕೆಯಲ್ಲಿ 90% ಸಲ, ಅದು 0.50% ದಾಟಬಾರದು. ಸಾವಿರಾರು ಷೇರುಗಳ ಪೈಕಿ ಈ ಪರೀಕ್ಷೆ ಪಾಸಾಗುವುದು ಸ್ವಲ್ಪವೇ.

ನಿಮ್ಮ ಇಂಪ್ಯಾಕ್ಟ್ ಕಾಸ್ಟ್ ಎಷ್ಟು ಅಂತ ತಿಳಿಯಲು ಸಾಫ್ಟ್‌ವೇರ್ ಏನೂ ಬೇಡ. ಆರ್ಡರ್ ಒತ್ತುವ ಮುಂಚೆ ಡೆಪ್ತ್‌ನ ಮೊದಲ ಸಾಲಿನ ಎರಡು ಬೆಲೆ ಬರೆದುಕೊಳ್ಳಿ. ಸಂಜೆ ಸಿಕ್ಕ ಸರಾಸರಿ ಬೆಲೆಯ ಜೊತೆ ಹೋಲಿಸಿ. ಇಪ್ಪತ್ತು ಟ್ರೇಡ್ ಹೀಗೆ ಮಾಡಿದರೆ ನಿಮ್ಮ ಸರಾಸರಿ ಗೊತ್ತಾಗುತ್ತದೆ.

"ಲಿಮಿಟ್ ಆರ್ಡರ್ ಹಾಕಿದ್ರೆ ಇದೆಲ್ಲ ಉಳಿಯುತ್ತೆ ಅಲ್ವಾ?" ಅಂತ ತಮ್ಮ ಕೇಳಿದ. ಅರ್ಧ ನಿಜ. 499.90ಕ್ಕೆ ಕೊಳ್ಳುವ ಲಿಮಿಟ್ ಇಟ್ಟರೆ ಅದಕ್ಕಿಂತ ಜಾಸ್ತಿ ಕೊಡಬೇಕಾಗಿಲ್ಲ. ಆದರೆ ನಿಮ್ಮ ಆರ್ಡರ್ ತುಂಬುವುದು ಯಾರಾದರೂ ಕೆಳಗೆ ಬಂದು ಮಾರಿದಾಗ. ಬೆಲೆ ಮೇಲೆ ಹೋಗುವ ದಿನ ನೀವು ಕಾಯುತ್ತಲೇ ಉಳಿಯುತ್ತೀರಿ, ಟ್ರೇಡ್ ಸಿಗುವುದಿಲ್ಲ. ಬೆಲೆ ಬೀಳುವ ದಿನ ಮಾತ್ರ ತಕ್ಷಣ ಸಿಗುತ್ತದೆ. ಒಳ್ಳೆಯ ಟ್ರೇಡ್‌ಗಳು ತಪ್ಪಿ, ಕೆಟ್ಟವು ಕೈಗೆ ಬರುವ ಹಾಗೆ ಆಗುತ್ತದೆ. ಇಷ್ಟು ನಷ್ಟಕ್ಕೆ ಸಾಕು ಅಂತ ಮೊದಲೇ ಇಟ್ಟ ಸ್ಟಾಪ್ ಲಾಸ್ ಹೊಡೆದಾಗಂತೂ ಹೊರಗೆ ಬರಲೇಬೇಕು, ಅಲ್ಲಿ ಕಾಯಲು ಆಗುವುದಿಲ್ಲ. ಹಾಗಾಗಿ ಲಿಮಿಟ್ ಆರ್ಡರ್ ಬಳಸಿ, ಆದರೆ ಇಂಪ್ಯಾಕ್ಟ್ ಕಾಸ್ಟ್ ಸೊನ್ನೆ ಅಂತ ಲೆಕ್ಕದಲ್ಲಿ ಬರೆಯಬೇಡಿ.

ಮೊದಲ ದಾರಿ: ದಿನಕ್ಕೊಂದು ಇಂಟ್ರಾಡೇ

ಟ್ರೇಡರ್‌ಗಳು ಎಡ್ಜ್ ಅನ್ನುತ್ತಾರಲ್ಲ, ಅದನ್ನು ಈಗ ಅಂಕಿಯಲ್ಲಿ ಇಡೋಣ. ತಮ್ಮನ ವಿಧಾನ 100ರಲ್ಲಿ 55 ಸಲ ಗೆಲ್ಲುತ್ತದೆ ಅಂದುಕೊಳ್ಳಿ. ಗೆದ್ದಾಗ ₹300, ಸೋತಾಗ ₹300. ಇದು ಊಹೆಯ ಅಂಕಿ. ನಿಜವಾಗಿ 55 ಸಲ ಗೆಲ್ಲುವುದೇ ಕಷ್ಟ, ಆದರೂ ಅವನ ಪರವಾಗಿಯೇ ಇರಲಿ.

100 ಟ್ರೇಡ್‌ಗೆ 55 ಗೆಲುವು ₹16,500, 45 ಸೋಲು ₹13,500. ಉಳಿದಿದ್ದು ₹3,000. ಒಂದು ಟ್ರೇಡ್‌ಗೆ ಸರಾಸರಿ ₹30. ಅವನ ಎಡ್ಜ್ ಅಂದರೆ ಇದೇ ಮೂವತ್ತು ರೂಪಾಯಿ.

ಒಂದು ಟ್ರೇಡ್‌ನ ಖರ್ಚು, ಒಳ್ಳೆಯ ವಹಿವಾಟಿರುವ ಷೇರಿನಲ್ಲಿ, ₹82.50 ಮತ್ತು ಇಂಪ್ಯಾಕ್ಟ್‌ನ ₹10 ಸೇರಿ ₹92.50. ಗಳಿಕೆ 30, ಖರ್ಚು 92.50. ಪ್ರತಿ ಟ್ರೇಡ್‌ಗೆ ₹62.50 ನಷ್ಟ. ವರ್ಷಕ್ಕೆ 240 ಟ್ರೇಡ್ ಮಾಡಿದರೆ ಬೆಲೆಯಿಂದ ಗಳಿಸಿದ್ದು ₹7,200, ಖರ್ಚಾಗಿದ್ದು ₹22,200. ಒಂದು ಲಕ್ಷದಲ್ಲಿ ₹15,000 ಕರಗಿತು. ಅವನು ಷೇರು ಆರಿಸುವುದರಲ್ಲಿ ತಪ್ಪು ಮಾಡಿಲ್ಲ. ಸೋತಿದ್ದಕ್ಕಿಂತ ಹೆಚ್ಚು ಸಲ ಗೆದ್ದಿದ್ದಾನೆ. ಆದರೂ ಹೀಗೆ.

ಹಾಗಾದರೆ ಎಷ್ಟು ಸಲ ಗೆದ್ದರೆ ಸರಿಹೋಗುತ್ತದೆ? ಲೆಕ್ಕ ಸುಲಭ. ಸೋತಾಗ ಹೋಗುವ ಮೊತ್ತಕ್ಕೆ ಒಂದು ಟ್ರೇಡ್‌ನ ಖರ್ಚು ಸೇರಿಸಿ. ಅದನ್ನು ಗೆಲುವಿನ ಮೊತ್ತ ಮತ್ತು ಸೋಲಿನ ಮೊತ್ತ ಎರಡನ್ನೂ ಕೂಡಿಸಿದ ಅಂಕಿಯಿಂದ ಭಾಗಿಸಿ. ಇಲ್ಲಿ 392.50 ಭಾಗಿಸು 600, ಅಂದರೆ 65.4%. ನೂರಕ್ಕೆ 66 ಸಲ ಗೆದ್ದರೆ ಅಸಲು ಉಳಿದು ಚೂರು ಮೇಲೆ. ಮೇಲೆ ತೋರಿಸಿದ ಮಧ್ಯಮ ಕಂಪನಿಯ ಷೇರಿನಲ್ಲಿ ಖರ್ಚು ₹418. ಅಲ್ಲಿ ಇದೇ ಲೆಕ್ಕ ಹಾಕಿದರೆ ಸುಮಾರು 120% ಬರುತ್ತದೆ. ನೂರಕ್ಕೆ ನೂರು ಗೆದ್ದರೂ ಸಾಲದು ಅಂತ ಅರ್ಥ.

ಇಂಟ್ರಾಡೇಯಲ್ಲಿ ಬ್ರೋಕರ್‌ಗಳು ಐದು ಪಟ್ಟಿನವರೆಗೆ ಮಾರ್ಜಿನ್ ಕೊಡುತ್ತಾರೆ, ಅಂದರೆ ನಿಮ್ಮ ಹಣದ ಐದು ಪಟ್ಟು ಮೊತ್ತದ ಟ್ರೇಡ್ ಮಾಡಲು ಬಿಡುತ್ತಾರೆ. ಐದು ಲಕ್ಷದ ಟ್ರೇಡ್ ಮಾಡಿದರೆ ಬ್ರೋಕರೇಜ್ ₹40ರಲ್ಲೇ ನಿಲ್ಲುತ್ತದೆ, ಹಾಗಾಗಿ ಲಾಭ ಆಗಬೇಕಲ್ಲ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿದೆವು. ಎಸ್‌ಟಿಟಿ 125, ಎಕ್ಸ್‌ಚೇಂಜ್ ಶುಲ್ಕ 30, ಸ್ಟ್ಯಾಂಪ್ ಡ್ಯೂಟಿ 15, ಜಿಎಸ್‌ಟಿ 13, ಸೆಬಿ 1. ಬ್ರೋಕರೇಜ್ ಸೇರಿ ₹224. ಅದೇ 5 ಪೈಸೆಯ ಅಂತರಕ್ಕೆ 1,000 ಷೇರಿನ ಇಂಪ್ಯಾಕ್ಟ್ ₹50. ಎಡ್ಜ್ ಐದು ಪಟ್ಟಾಗಿ ₹150. ಪ್ರತಿ ಟ್ರೇಡ್‌ಗೆ ₹124 ನಷ್ಟ, ವರ್ಷಕ್ಕೆ ಹತ್ತಿರ ಹತ್ತಿರ ₹30,000. ಶೇಕಡಾ ಲೆಕ್ಕದಲ್ಲಿ ಖರ್ಚು ಇಳಿಯಿತು, ರೂಪಾಯಿ ಲೆಕ್ಕದಲ್ಲಿ ನಷ್ಟ ಎರಡರಷ್ಟಾಯಿತು.

ಸೆಬಿ 2024ರ ಜುಲೈನಲ್ಲಿ ಹೊರಡಿಸಿದ ಅಧ್ಯಯನದಲ್ಲಿ, 2022-23ರಲ್ಲಿ ಷೇರುಗಳ ಇಂಟ್ರಾಡೇ ಮಾಡಿದ ವ್ಯಕ್ತಿಗಳಲ್ಲಿ 10ಕ್ಕೆ 7 ಜನ ನಷ್ಟ ಕಂಡಿದ್ದರು. ವರ್ಷಕ್ಕೆ 500ಕ್ಕಿಂತ ಜಾಸ್ತಿ ಟ್ರೇಡ್ ಮಾಡಿದವರಲ್ಲಿ ಇದು 80%. ನಷ್ಟ ಕಂಡವರು ಟ್ರೇಡಿಂಗ್‌ನಲ್ಲಿ ಕಳೆದುಕೊಂಡಿದ್ದರ ಮೇಲೆ ಇನ್ನೂ 57%ರಷ್ಟು ಹಣವನ್ನು ಬರೀ ಖರ್ಚಿಗೆ ಕಟ್ಟಿದ್ದರು. ನಮ್ಮ ನೋಟ್‌ಬುಕ್‌ನ ಲೆಕ್ಕ ನೋಡಿದ ಮೇಲೆ ನನಗೆ ಆ ಅಂಕಿ ಆಶ್ಚರ್ಯ ಅನ್ನಿಸಲಿಲ್ಲ.

ತೆರಿಗೆ ವಿಷಯ ಒಂದೇ ಮಾತಿನಲ್ಲಿ: ಇಂಟ್ರಾಡೇ ಲಾಭವನ್ನು ಸಟ್ಟಾ ವ್ಯವಹಾರದ ಆದಾಯ ಅಂತ ಪರಿಗಣಿಸಿ ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ ಹಾಕುತ್ತಾರೆ. ನಷ್ಟವಾದರೆ ಅದನ್ನು ಸಂಬಳದಲ್ಲಿ ಕಳೆಯುವ ಹಾಗಿಲ್ಲ. ಮುಂದಿನ 4 ವರ್ಷ, ಇದೇ ಬಗೆಯ ಲಾಭದಲ್ಲಿ ಮಾತ್ರ ಹೊಂದಿಸಿಕೊಳ್ಳಬಹುದು.

ಎರಡನೇ ದಾರಿ: ಎರಡು ವಾರ ಇಟ್ಟು ಮಾರುವುದು

ಇಲ್ಲಿ ಷೇರು ಡಿಮ್ಯಾಟ್ ಖಾತೆಗೆ ಬರುತ್ತದೆ. ಡೆಲಿವರಿ ಅಂತ ಕರೆಯುವುದು ಇದನ್ನೇ. ಡೆಲಿವರಿಗೆ ಬ್ರೋಕರೇಜ್ ತೆಗೆದುಕೊಳ್ಳದ ಬ್ರೋಕರ್‌ಗಳಿದ್ದಾರೆ. ಆದರೂ ಒಂದು ಟ್ರೇಡ್‌ನ ಖರ್ಚು ಇಂಟ್ರಾಡೇಗಿಂತ ಮೂರು ಪಟ್ಟು ಹತ್ತಿರ ಬರುತ್ತದೆ, ಯಾಕಂದರೆ ಎಸ್‌ಟಿಟಿ ಇಲ್ಲಿ 0.1%, ಅದೂ ಕೊಂಡಾಗ ಮಾರಿದಾಗ ಎರಡೂ ಸಲ. ಒಂದು ಲಕ್ಷಕ್ಕೆ 100 ಮತ್ತು 100. ಸ್ಟ್ಯಾಂಪ್ ಡ್ಯೂಟಿ 0.015%, ಅಂದರೆ ₹15. ಎಕ್ಸ್‌ಚೇಂಜ್, ಸೆಬಿ, ಅವುಗಳ ಜಿಎಸ್‌ಟಿ ಸೇರಿ ₹7ಕ್ಕೆ ಚೂರು ಮೇಲೆ. ಮಾರಿದ ದಿನ ಡಿಮ್ಯಾಟ್ ಖಾತೆಯಿಂದ ಷೇರು ಹೊರಗೆ ಹೋಗುವುದಕ್ಕೆ, ಒಂದು ಕಂಪನಿಯ ಷೇರಿಗೆ ಇಷ್ಟು ಅಂತ ಡಿಪಿ ಚಾರ್ಜ್, ಸುಮಾರು ₹15.50. ಒಟ್ಟು ₹238. ಇಂಪ್ಯಾಕ್ಟ್‌ನ ₹10 ಸೇರಿಸಿದರೆ ₹248.

ಇಲ್ಲಿಯೂ ಅದೇ 55-45 ಇರಲಿ. ಆದರೆ ಎರಡು ವಾರದಲ್ಲಿ ಷೇರು ಓಡಾಡುವ ದೂರ ಜಾಸ್ತಿ, ಹಾಗಾಗಿ ಗುರಿ 4%, ಸ್ಟಾಪ್ ಲಾಸ್ 4% ಇಡೋಣ. ಗೆದ್ದರೆ ₹4,000, ಸೋತರೆ ₹4,000. ಎಡ್ಜ್ ₹400. ಖರ್ಚು ಕಳೆದರೆ ₹152 ಉಳಿಯುತ್ತದೆ. ಗೆಲ್ಲಬೇಕಾದ ಪ್ರಮಾಣ 4,248 ಭಾಗಿಸು 8,000, ಅಂದರೆ 53.1%. ಇಂಟ್ರಾಡೇಯ 65.4% ಜೊತೆ ಇಟ್ಟು ನೋಡಿ. ಖರ್ಚು ರೂಪಾಯಿಯಲ್ಲಿ ಜಾಸ್ತಿ, ಆದರೆ ಬೆಲೆಯ ಓಡಾಟದ ಮುಂದೆ ತುಂಬ ಕಡಿಮೆ.

ಇಲ್ಲಿ ಬ್ರೋಕರ್ ಆಯ್ಕೆ ನಿಜವಾಗಿ ಫಲಿತಾಂಶವನ್ನೇ ಬದಲಿಸುತ್ತದೆ. ಡೆಲಿವರಿಗೆ 0.3% ಬ್ರೋಕರೇಜ್ ಇರುವ ಹಳೆ ಮಾದರಿಯ ಖಾತೆಯಲ್ಲಿ ಎರಡೂ ಕಡೆ ಸೇರಿ 600, ಜಿಎಸ್‌ಟಿ 108. ಖರ್ಚು ₹956ಕ್ಕೆ ಏರುತ್ತದೆ, ಎಡ್ಜ್ ಅದೇ 400. ಸಲಹೆ ಸಿಗುತ್ತದೆ ಅಂತ ಅಂಥ ಖಾತೆ ಇಟ್ಟುಕೊಂಡವರು ಎರಡು ವಾರದ ಟ್ರೇಡ್ ಅಲ್ಲಿ ಮಾಡಲೇಬಾರದು. ಇಂಪ್ಯಾಕ್ಟ್ ಕೂಡ ಹಾಗೆಯೇ: ಮೇಲಿನ ಮಧ್ಯಮ ಷೇರಿನಲ್ಲಿ ₹335 ಸೇರಿದರೆ ಖರ್ಚು 573, ಈ ದಾರಿಯೂ ಮುಚ್ಚುತ್ತದೆ.

ಈಗ ವರ್ಷದ ಲೆಕ್ಕ. 20 ಟ್ರೇಡ್. ಬೆಲೆಯಿಂದ ಬಂದಿದ್ದು ₹8,000, ಖರ್ಚು ₹4,960, ಉಳಿದಿದ್ದು ₹3,040. ಆದರೆ ತೆರಿಗೆ ಹಾಕುವುದು ಈ 3,040ರ ಮೇಲಲ್ಲ. ತುಂಬ ಜನರಿಗೆ ಗೊತ್ತಿಲ್ಲದ ವಿಷಯ ಇಲ್ಲಿದೆ. ಅಲ್ಪಾವಧಿ ಬಂಡವಾಳ ಲಾಭದ ಲೆಕ್ಕದಲ್ಲಿ ಎಸ್‌ಟಿಟಿಯನ್ನು ಖರ್ಚು ಅಂತ ಕಳೆಯಲು ಬಿಡುವುದಿಲ್ಲ. ಉಳಿದ ಶುಲ್ಕ ಕಳೆಯಬಹುದು. ಇಂಪ್ಯಾಕ್ಟ್ ಹೇಗೂ ಬೆಲೆಯೊಳಗೇ ಇದೆ. 8,000ದಲ್ಲಿ ಇಂಪ್ಯಾಕ್ಟ್‌ನ 200, ಇತರ ಶುಲ್ಕದ 760 ಕಳೆದರೆ ತೆರಿಗೆಗೆ ಒಳಪಡುವ ಲಾಭ ₹7,040. 2024ರ ಜುಲೈ 23ರಿಂದ ದರ 20%, ಸೆಸ್ ಸೇರಿ 20.8%. ತೆರಿಗೆ ₹1,464. ಕೈಗೆ ಉಳಿದಿದ್ದು ₹1,576.

ಅಂದರೆ ನಿಜವಾಗಿ ಗಳಿಸಿದ 3,040ರಲ್ಲಿ 48% ತೆರಿಗೆಗೆ ಹೋಯಿತು. ಕಾಗದದ ಮೇಲೆ ದರ 20 ಇದ್ದರೂ, ಎಸ್‌ಟಿಟಿಗೆ ಕಟ್ಟಿದ ₹4,000ದ ಮೇಲೆ ಮತ್ತೆ ತೆರಿಗೆ ಕಟ್ಟಿದ್ದರಿಂದ ಹೀಗಾಯಿತು. ಟ್ರೇಡ್ ಸಂಖ್ಯೆ ಹೆಚ್ಚಾದಷ್ಟೂ ಈ ಅಂತರ ದೊಡ್ಡದಾಗುತ್ತದೆ. ಟ್ರೇಡಿಂಗ್ ಅನ್ನೇ ವ್ಯಾಪಾರ ಅಂತ ತೋರಿಸುವವರು ಎಸ್‌ಟಿಟಿ ಕಳೆಯಬಹುದು, ಆದರೆ ಆಗ ಲಾಭ ಸ್ಲ್ಯಾಬ್ ದರಕ್ಕೆ ಹೋಗುತ್ತದೆ. ಯಾವುದು ನಿಮಗೆ ಹೊಂದುತ್ತದೆ ಅಂತ ಲೆಕ್ಕಪರಿಶೋಧಕರನ್ನು ಕೇಳಿಯೇ ತೀರ್ಮಾನ ಮಾಡಿ. ಒಂದು ವರ್ಷ ಹೀಗೆ, ಇನ್ನೊಂದು ವರ್ಷ ಹಾಗೆ ತೋರಿಸಿದರೆ ತೊಂದರೆ.

ಮೂರನೇ ದಾರಿ: ಒಂದು ವರ್ಷ ದಾಟಿಸುವುದು

ಷೇರು ಎಷ್ಟು ಏರುತ್ತದೆ ಅಂತ ನಾನು ಹೇಳಲು ಹೋಗುವುದಿಲ್ಲ. ಹೋಲಿಕೆ ನ್ಯಾಯವಾಗಿರಲಿ ಅಂತ ಅದೇ ₹8,000 ಏರಿಕೆ ಒಂದೇ ಖರೀದಿಯಿಂದ, ವರ್ಷ ಕಳೆದ ಮೇಲೆ ಬಂತು ಅಂದುಕೊಳ್ಳೋಣ. ಎಸ್‌ಟಿಟಿ ಕೊಂಡಾಗ 100, ಮಾರಿದಾಗ 108. ಉಳಿದ ಶುಲ್ಕ, ಡಿಪಿ ಚಾರ್ಜ್ ಸೇರಿ ₹246. ಇಂಪ್ಯಾಕ್ಟ್ 10. ಒಟ್ಟು ಖರ್ಚು ₹256. ಒಂದು ವರ್ಷಕ್ಕಿಂತ ಹೆಚ್ಚು ಇಟ್ಟ ಷೇರಿನ ಲಾಭಕ್ಕೆ ದರ 12.5%, ಅದೂ ವರ್ಷದ ಒಟ್ಟು ದೀರ್ಘಾವಧಿ ಲಾಭ ₹1,25,000 ದಾಟಿದ ಭಾಗಕ್ಕೆ ಮಾತ್ರ. ಇಲ್ಲಿ ತೆರಿಗೆ ಸೊನ್ನೆ. ಕೈಗೆ ₹7,744.

ಮೂರನ್ನೂ ನೋಟ್‌ಬುಕ್‌ನಲ್ಲಿ ಒಂದರ ಕೆಳಗೊಂದು ಬರೆದಾಗ ತಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೆಲೆಯಿಂದ ಬಂದಿದ್ದು ಕ್ರಮವಾಗಿ 7,200, 8,000, 8,000. ಹೆಚ್ಚು ಕಡಿಮೆ ಒಂದೇ. ಕೈಗೆ ಬಂದಿದ್ದು ಮೈನಸ್ 15,000, ಪ್ಲಸ್ 1,576, ಪ್ಲಸ್ 7,744.

ಮೂರನೆಯ ದಾರಿಯಲ್ಲಿ ಅಪಾಯ ಇಲ್ಲ ಅಂತಲ್ಲ. ವರ್ಷ ಕಳೆದು ಷೇರು 20% ಕೆಳಗೆ ಇರಬಹುದು, ಆಗ ಖರ್ಚು ಬರೀ ₹256 ಅನ್ನುವುದು ದೊಡ್ಡ ಸಮಾಧಾನ ಆಗುವುದಿಲ್ಲ. ತುರ್ತಿಗೆ ಬೇಕಾಗುವ ಹಣವನ್ನು ಅಲ್ಲಿ ಇಡಬಾರದು. ಆದರೆ ಖರ್ಚು ಅಲ್ಲಿ ನಿಮ್ಮನ್ನು ಸೋಲಿಸುವುದಿಲ್ಲ. ಸೋತರೆ ಷೇರು ಆರಿಸಿದ್ದರಲ್ಲಿ ಸೋಲುತ್ತೀರಿ.

ಯಾರಿಗೆ ಯಾವುದು

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಒಂದೆರಡು ಲಕ್ಷ ಬಂಡವಾಳ, ಹಗಲು ಕೆಲಸ ಇರುವವರಿಗೆ 0.3%, 0.5%ನಂಥ ಸಣ್ಣ ಗುರಿಯ ಇಂಟ್ರಾಡೇ ಬೇಡ. ಮಾಡಲೇಬೇಕು ಅನ್ನಿಸಿದರೆ ಗುರಿಯನ್ನು ದೊಡ್ಡದು ಮಾಡಿ, ಟ್ರೇಡ್ ಸಂಖ್ಯೆ ಕಡಿಮೆ ಮಾಡಿ. ಅದೇ ಒಂದು ಲಕ್ಷಕ್ಕೆ ಗುರಿ, ಸ್ಟಾಪ್ ಎರಡೂ ₹1,000 ಆದರೆ ಗೆಲ್ಲಬೇಕಾದ ಪ್ರಮಾಣ 65ರಿಂದ ಸುಮಾರು 55%ಕ್ಕೆ ಇಳಿಯುತ್ತದೆ. ಆದರೆ ಒಂದೇ ದಿನದಲ್ಲಿ 1% ಓಡುವ ಷೇರು ದಿನಾ ಸಿಗುವುದಿಲ್ಲ, ಹಾಗಾಗಿ ಕಾಯಬೇಕಾಗುತ್ತದೆ.

ಎರಡು ವಾರದ ದಾರಿ ಮೂರು ಷರತ್ತು ಕೂಡಿದರೆ ಮಾತ್ರ ಸರಿ: ಡೆಲಿವರಿ ಬ್ರೋಕರೇಜ್ ಇಲ್ಲದ ಖಾತೆ, ಡೆಪ್ತ್ ಗಟ್ಟಿಯಾಗಿರುವ ಷೇರು, 4%ಕ್ಕಿಂತ ಕಡಿಮೆ ಇಲ್ಲದ ಗುರಿ. ಡಿಪಿ ಚಾರ್ಜ್ ಪ್ರತಿ ಕಂಪನಿಗೆ ಒಂದೇ ಮೊತ್ತ ಆದ್ದರಿಂದ ಐದು ಸಾವಿರದ ಸಣ್ಣ ತುಂಡುಗಳಾಗಿ ಮಾರಬೇಡಿ. ₹5,000ದ ಮಾರಾಟಕ್ಕೆ 15.50 ಅಂದರೆ ಅದೊಂದೇ 0.31%. ಅದೇ ದಿನ ಅದೇ ಷೇರನ್ನು ಒಟ್ಟಿಗೆ ಮಾರಿದರೆ ಒಂದೇ ಸಲ ಬೀಳುತ್ತದೆ.

ದರಗಳು ಬಜೆಟ್‌ನಲ್ಲಿ, ಎಕ್ಸ್‌ಚೇಂಜ್ ಸುತ್ತೋಲೆಗಳಲ್ಲಿ ಬದಲಾಗುತ್ತವೆ. ಹಾಗಾಗಿ ನನ್ನ ಅಂಕಿಗಿಂತ ನಿಮ್ಮ ಕಾಂಟ್ರಾಕ್ಟ್ ನೋಟ್ ನಂಬಿ. ಕೊನೆಯ ಮೂರು ತಿಂಗಳ ಲಾಭ ನಷ್ಟ ತೋರಿಸುವ ಟ್ಯಾಕ್ಸ್ ಪಿ ಅಂಡ್ ಎಲ್ ವರದಿಯನ್ನು ಬ್ರೋಕರ್ ಆಪ್‌ನಿಂದ ಇಳಿಸಿಕೊಳ್ಳಿ. ಒಟ್ಟು ಶುಲ್ಕವನ್ನು ಟ್ರೇಡ್ ಸಂಖ್ಯೆಯಿಂದ ಭಾಗಿಸಿದರೆ ಒಂದು ಟ್ರೇಡ್‌ನ ಖರ್ಚು ಸಿಗುತ್ತದೆ. ಶುಲ್ಕ ಕಳೆಯುವ ಮುಂಚಿನ ಲಾಭವನ್ನು ಅದೇ ಸಂಖ್ಯೆಯಿಂದ ಭಾಗಿಸಿದರೆ ನಿಮ್ಮ ಎಡ್ಜ್ ಸಿಗುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಕಡಿಮೆ ಇದ್ದರೆ, ಟ್ರೇಡ್ ಹೆಚ್ಚಿಸಿದಷ್ಟೂ ನಷ್ಟ ಹೆಚ್ಚುತ್ತದೆ.

ತಮ್ಮ ಆ ರಾತ್ರಿಯೇ ವರದಿ ಇಳಿಸಿಕೊಂಡ. ಅವನದು 61 ಟ್ರೇಡ್. ಶುಲ್ಕ ಕಳೆಯುವ ಮುಂಚೆ ₹1,340 ಲಾಭ, ಶುಲ್ಕ ₹4,880. ಟ್ರೇಡ್‌ಗೆ ಗಳಿಕೆ ₹22, ಖರ್ಚು ₹80. ಮೂರು ತಿಂಗಳಿಂದ ತನ್ನ ಇಂಡಿಕೇಟರ್ ಸರಿ ಇಲ್ಲ ಅಂತ ಅದನ್ನೇ ಬದಲಿಸುತ್ತ ಇದ್ದನಂತೆ. ಈಗ ಅವನ ನೋಟ್‌ಬುಕ್‌ನಲ್ಲಿ ಹೊಸ ಕಾಲಂ ಇದೆ. ಆರ್ಡರ್ ಒತ್ತುವ ಮುಂಚೆ ಡೆಪ್ತ್‌ನ ಮಧ್ಯಬಿಂದು ಬರೆಯುತ್ತಾನೆ, ಪಕ್ಕದಲ್ಲಿ ಸಿಕ್ಕ ಬೆಲೆ. ಈ ತಿಂಗಳು ಅದರಲ್ಲಿ ಎರಡೇ ಸಾಲು ತುಂಬಿದೆ, ಎರಡೂ ಡೆಲಿವರಿ.